ಎಂದಿನ ಸಮಯಕ್ಕೇ ಅಂದಿದ್ದು

ವಿದೇಶದ ಕನ್ನಡ ಕೂಟವೊಂದಕ್ಕೆ ಆನ್‌ಲೈನಿನಲ್ಲಿ ನಾಟಕ ಕಲಿಸಲು ಒಪ್ಪಿಕೊಂಡಾಗ, ಮಾತು ಕಲಿಸುವುದಕ್ಕಿಂತ ಹೊತ್ತು ಗೊತ್ತು ಮಾಡುವುದೇ ಕಷ್ಟ ಎಂದು ನನಗೆ ತಿಳಿದಿರಲಿಲ್ಲ. ಹೈಸ್ಕೂಲಿನಲ್ಲಿ ಟೀಚರಾಗಿದ್ದು ನಿವೃತ್ತಳಾದವಳು ನಾನು. ಗಂಟೆ ಹೊಡೆದರೆ ಮಕ್ಕಳು ಬಂದು ಕೂರುತ್ತಿದ್ದರು, ಅಷ್ಟೇ ನನಗೆ ಗೊತ್ತಿದ್ದದ್ದು.

ನಾನೇ ಬರೆದ ಅರ್ಧ ಗಂಟೆಯ ನಾಟಕ. ನವೆಂಬರಿನ ಒಂದು ಭಾನುವಾರ ಎಲ್ಲರೂ ಅವರವರ ಮನೆಯಿಂದಲೇ ನೇರವಾಗಿ ಆಡಿ ತೋರಿಸಬೇಕಿತ್ತು. ಮೂವರೇ ಪಾತ್ರಧಾರಿಗಳು. ಮಗನ ಪಾತ್ರ ಮಾಡುತ್ತಿದ್ದ ಕೂಟದ ಕಾರ್ಯದರ್ಶಿ ಮೆಲ್ಬರ್ನ್‌ನಲ್ಲಿ, ಸೊಸೆಯ ಪಾತ್ರದ ಹುಡುಗಿ ಕ್ಯಾಲಿಫೋರ್ನಿಯಾದಲ್ಲಿ, ಹಠಮಾರಿ ಅತ್ತೆಯ ಪಾತ್ರದವರು ಲಂಡನ್ನಿನಲ್ಲಿ. ಅತ್ತೆಯೇ ನಾಟಕದ ಜೀವ. ಆಕೆ ನಮ್ಮೂರಿನ ಪಕ್ಕದ ಇಲವಾಲದ ಕಡೆಯವರು, ಐವತ್ತು ದಾಟಿದವರು, ಲಂಡನ್ನಿನ ವೃದ್ಧಾಶ್ರಮವೊಂದರಲ್ಲಿ ಕೆಲಸ. ಬಾಯಿ ತೆರೆದರೆ ನಾವೆಲ್ಲ ಸಂಭಾಷಣೆ ಮರೆತು ನಗುತ್ತಿದ್ದೆವು.

ಒಂದು ವಾರ ಚರ್ಚೆಯಾದ ಮೇಲೆ ಪ್ರತಿ ಭಾನುವಾರ ಬೆಳಿಗ್ಗೆ ನಮ್ಮ ಇಲ್ಲಿನ ಹನ್ನೊಂದೂವರೆಗೆ ತಾಲೀಮು ಎಂದಾಯಿತು. ಲಂಡನ್ನಿನಲ್ಲಿ ಆಗ ಬೆಳಿಗ್ಗೆ ಏಳು, ಮೆಲ್ಬರ್ನ್‌ನಲ್ಲಿ ಸಂಜೆ, ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಶನಿವಾರವೇ, ರಾತ್ರಿ ಹನ್ನೊಂದು. ಲಂಡನ್ನಿನಾಕೆ ಭಾನುವಾರದ ಬೆಳಗಿನ ಪಾಳಿಯನ್ನು ಬೇರೆಯವರಿಗೆ ಕೊಟ್ಟು, ಅವರ ಶನಿವಾರದ ಪಾಳಿ ತಾವು ಮಾಡುತ್ತಿದ್ದರು. ಇದು ನನಗೆ ಆಮೇಲೆ ಗೊತ್ತಾಯಿತು.

ಅಕ್ಟೋಬರ್ ಕೊನೆಯ ವಾರ ಕಾರ್ಯದರ್ಶಿ ಫೋನ್ ಮಾಡಿದರು. "ಮೇಡಂ, ಈ ಭಾನುವಾರ ಲಂಡನ್ನಲ್ಲಿ ಚಳಿಗಾಲಕ್ಕೆ ಅಂತ ಗಡಿಯಾರ ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಅದು ಮುಂದಿನ ವಾರ. ನಾವು ಯಾವ ಊರಿನ ಗಂಟೆ ಹಿಡಿಯೋಣ?"

ನಾನು ಒಲೆಯ ಮೇಲೆ ಸಾರಿಟ್ಟಿದ್ದೆ. "ಅಯ್ಯೋ, ಮತ್ತೆ ಶುರು ಮಾಡಬೇಡಿ ಕಣ್ರೀ. ಎಂದಿನ ಸಮಯಕ್ಕೇ ಅಂತ ಹಾಕ್ಬುಡಿ" ಎಂದೆ. ಅವರು ಹಾಗೆಯೇ ಗುಂಪಿಗೆ ಸಂದೇಶ ಹಾಕಿದರು.

ಭಾನುವಾರ ಹನ್ನೊಂದೂವರೆಗೆ ಇಬ್ಬರು ಬಂದರು. ಲಂಡನ್ನಿನಾಕೆ ಇಲ್ಲ. ಹದಿನೈದು ನಿಮಿಷ ಕಾದೆವು. ಫೋನ್ ಮಾಡಿದರೆ ಎತ್ತಲಿಲ್ಲ. ಪ್ರದರ್ಶನಕ್ಕೆ ಎರಡೇ ವಾರ ಉಳಿದಿತ್ತು. ಕ್ಯಾಲಿಫೋರ್ನಿಯಾದ ಹುಡುಗಿಗೆ ಅತ್ತೆಯ ಮಾತು ಓದಲು ಹೇಳಿದೆ. ಪರವಾಗಿಲ್ಲ ಎನ್ನುವ ಹಾಗೆ ಓದಿದಳು. ಸೊಸೆಯ ಪಾತ್ರಕ್ಕೆ ಅವಳ ಗೆಳತಿ ಇದ್ದಾಳಂತೆ. ಆಯಿತು, ಹಾಗೇ ಮಾಡೋಣ ಎಂದೆ. ಸುಮ್ಮನಾಗಬಹುದಿತ್ತು. ಆಗಲಿಲ್ಲ.

"ಆಕೆಗೆ ನಾಟಕ ಅಂದ್ರೆ ನಗೋಕೆ ಒಂದು ನೆಪ ಅಷ್ಟೇ. ನಿದ್ದೆ ಬಿಟ್ಟು ಏಳೋಕಾಗದವರು ಪಾತ್ರ ಯಾಕೆ ಒಪ್ಪಬೇಕು? ಇಂಥವರನ್ನ ನಂಬಿ ನಾನು ಕೆಟ್ಟೆ."

ಮುಂದಿನ ದೃಶ್ಯ ಶುರು ಮಾಡಲೆಂದು ಕನ್ನಡಕ ಹಾಕಿಕೊಂಡು ನೋಡಿದರೆ ಪರದೆಯ ಮೇಲೆ ನಾಲ್ಕನೆಯ ಮುಖ ಇತ್ತು. ತಲೆ ಬಾಚಿ, ಅತ್ತೆಯ ಪಾತ್ರಕ್ಕೆಂದು ಹತ್ತಿ ಸೀರೆ ಉಟ್ಟು ಕೂತಿದ್ದರು.

"ಮೇಡಂ, ಏಳಕ್ಕೇ ಬಂದ್ಬುಟ್ಟೆ ನಾನು. ಇಲ್ಲಿ ಈಗ ಏಳು" ಎಂದರು. ಅಷ್ಟೇ. ದನಿ ಏರಿಸಲಿಲ್ಲ.

ನನ್ನ ಗೋಡೆ ಗಡಿಯಾರದಲ್ಲಿ ಹನ್ನೆರಡೂವರೆ. ನಮ್ಮ ಹನ್ನೊಂದೂವರೆಗೆ ಲಂಡನ್ನಿನಲ್ಲಿ ಇನ್ನೂ ಆರೇ ಆಗಿತ್ತು. ಕಾರ್ಯದರ್ಶಿಗಳು ನಡುವೆ ಬಾಯಿ ಹಾಕಿ, "ತಪ್ಪು ನಂದೇ, ಸರಿಯಾಗಿ ಬರೀಬೇಕಿತ್ತು" ಎಂದರು. ಅವರು ಹಾಗೆ ಹೇಳುವಾಗ ನಾನು ಸುಮ್ಮನಿದ್ದೆ. ಪಾತ್ರ ಹುಡುಗಿಗೆ ಹೋಯಿತೆಂದು ತಿಳಿದು ಆಕೆ ಕೈಮುಗಿದು ಪರದೆಯಿಂದ ಮರೆಯಾದರು. ಆ ಸುಮ್ಮನಿದ್ದದ್ದು ಬೈದದ್ದಕ್ಕಿಂತ ಹೆಚ್ಚು ಕಾಡುತ್ತದೆ.

ಮಾರನೆಯ ದಿನ ಮನೆ ಹತ್ತಿರದ ಅಶೋಕಪುರಂ ಉದ್ಯಾನದ ಬೆಂಚಿನ ಮೇಲೆ ಕೂತು ಆಕೆಗೆ ಫೋನ್ ಮಾಡಿದೆ. ಮನೆಯವರ ಎದುರು ಮಾತಾಡಲು ನಾಚಿಕೆ. ಎಂದಿನ ಸಮಯ ಎಂದು ಹಾಕಿಸಿದ್ದು ನಾನೇ ಎಂದು ಹೇಳಿ ಕ್ಷಮೆ ಕೇಳಿದೆ. ಪಾತ್ರ ನಿಮ್ಮದೇ, ವಾಪಸ್ ಬನ್ನಿ ಎಂದೆ.

"ಬೇಜಾರಿಲ್ಲ ಬುಡಿ ಮೇಡಂ. ಆದ್ರೆ ಭಾನುವಾರದ ಡ್ಯೂಟಿ ನಿನ್ನೆನೇ ವಾಪಸ್ ಒಪ್ಕೊಂಡ್ಬುಟ್ಟೆ. ಈಗ ಎಂಗೆ ಬರಲಿ? ಆ ಮಗೀಗೇ ಕೊಡಿ, ಕಲ್ತ್ಕೊತದೆ."

"ಬೇರೆ ದಿನ ಇಟ್ಟುಕೊಳ್ಳೋಣ. ಬೇಕಾದರೆ ನಾನು ಬೆಳಗಿನ ಜಾವ ಏಳ್ತೀನಿ" ಎಂದೆ.

 "ನಾನು ನಿದ್ದೆ ಮಾಡ್ತಿರಲಿಲ್ಲ ಮೇಡಂ. ಐದಕ್ಕೇ ಎದ್ದು ಬಾಯಿಪಾಠ ಮಾಡ್ತಿದ್ದೆ. ಫೋನ್ ಒಳಗೆ ಚಾರ್ಜಿಗಿಟ್ಟಿದ್ದೆ, ಕೇಳಿಸ್ಲಿಲ್ಲ" ಎಂದರು. ಬಸ್ ಬಂತೆಂದು ಫೋನ್ ಇಟ್ಟರು.

ಅಂದೇ ಗುಂಪಿನಲ್ಲಿ ತಪ್ಪು ನನ್ನದು, ಕಾರ್ಯದರ್ಶಿಗಳದ್ದಲ್ಲ ಎಂದು ಬರೆದೆ. ಪರವಾಗಿಲ್ಲ ಮೇಡಂ ಎಂದು ಕೈಮುಗಿದ ಚಿತ್ರಗಳು ಬಂದವು.  ಅಂದಿನಿಂದ ಪ್ರತಿ ಸಂದೇಶದಲ್ಲೂ ಪ್ರತಿ ಊರಿನ ವಾರ, ಗಂಟೆ ಎರಡನ್ನೂ ನಾನೇ ಲೆಕ್ಕ ಹಾಕಿ ಬರೆಯತೊಡಗಿದೆ. ಲಂಡನ್ನಿನದನ್ನೂ ಬಿಡದೆ ಬರೆಯುತ್ತಿದ್ದೆ.

ನಾಟಕ ನಡೆಯಿತು. ಜನ ಮೆಚ್ಚಿದರು. ಅತ್ತೆಯ ಮಾತಿಗೆ ನಗು ಬರಬೇಕಾದ ಕಡೆ ನನಗೆ ನಗು ಬರಲಿಲ್ಲ. ಎರಡು ದಿನದ ಮೇಲೆ ಆಕೆಯ ಸಂದೇಶ ಬಂತು. ಡ್ಯೂಟಿ ಮುಗಿಸಿ ರೆಕಾರ್ಡಿಂಗ್ ನೋಡಿದೆ, ಮಗು ಚೆನ್ನಾಗಿ ಮಾಡಿದೆ ಎಂದಿತ್ತು. ಮುಂದಿನ ವರ್ಷ ನೀವೇ ಮಾಡಬೇಕು, ಹೊತ್ತು ನೀವೇ ಹೇಳಿ ಎಂದು ಬರೆದು ಕಳಿಸಿದೆ. ಓದಿದ್ದಾರೆ. ಉತ್ತರ ಇನ್ನೂ ಬಂದಿಲ್ಲ.