ಗೆಲುವು ಬಿಟ್ಟುಹೋದ ಹಾಡು

ಶಾಂತಾದೇವಿ ಹೊನ್ನಾಳಿಯ ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುತ್ತಿದ್ದರು. ಕೆಟ್ಟ ಪದ್ಯ ಕಂಡರೆ ಅವರ ತುಟಿ ಒಂದು ಕಡೆಗೆ ಸೊಟ್ಟಗಾಗುತ್ತಿತ್ತು. ಅದನ್ನು ಮರೆಮಾಚಲು ಅವರು ಎಂದೂ ಪ್ರಯತ್ನಿಸಲಿಲ್ಲ.

ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಲೋಯರ್ ಸೆಕೆಂಡರಿ ಪರೀಕ್ಷೆಗೆ ಮುಂಚೆ ಮಕ್ಕಳು ಹಾಡಲು ಒಂದು ಹಾಡು ಬೇಕೆಂದರು ಹೆಡ್ಮಾಸ್ತರು. ಕ್ಲಾಸಿನಲ್ಲಿ ಲಿಂಗಾಯತರು, ಮುಸಲ್ಮಾನರು, ಜೈನರು ಎಲ್ಲರೂ ಇದ್ದರು. ಹಾಡು ಯಾರೊಬ್ಬರ ದೇವರದೂ ಆಗಬಾರದು, ಮಕ್ಕಳ ಮನಸ್ಸನ್ನು ಒಂದೆಡೆ ನಿಲ್ಲಿಸಬೇಕು ಎಂಬ ಷರತ್ತು ಹಾಕಿದರು.

ಕನ್ನಡ ಪಂಡಿತ ಪಂಚಾಕ್ಷರಪ್ಪನವರು ಒಂದೇ ರಾತ್ರಿಯಲ್ಲಿ ಬರೆದು ತಂದರು. ಮೊದಲ ಸಾಲಲ್ಲೇ ತ್ರಿನೇತ್ರ. ಹೆಡ್ಮಾಸ್ತರು ಬೇಡವೆಂದಾಗ ಅದನ್ನು ಹೊಡೆದು ಹಾಕಿ ‘ಪ್ರಭು’ ಎಂದು ಬರೆದರು. ಕರ್ಪೂರ, ಆರತಿ, ಪಾದಕಮಲ ಹಾಗೇ ಉಳಿದವು. ಹಾಳೆ ನೋಡಿದ ಶಾಂತಾದೇವಿಯ ತುಟಿ ಸೊಟ್ಟಗಾಯಿತು.

“ಹೆಸರು ತೆಗೆದಿದೀನಲ್ಲ ತಾಯಿ, ಇನ್ನೇನು?”

“ದೇವರು ಹೋದರೂ ಗುಡಿ ಅಲ್ಲೇ ಐತಲ್ಲರೀ,” ಎಂದರು ಶಾಂತಾದೇವಿ. “ಅಲ್ಲದೆ ‘ಮನಶ್ಚಾಂಚಲ್ಯನಿವಾರಣ’ ಅಂತ ಹಾಡಾಕೆ ಮಕ್ಕಳಿಗೆ ಉಸಿರು ಎಲ್ಲಿ ಉಳೀತದೆ?”

ಪಂಡಿತರು ಮುಖ ಊದಿಸಿಕೊಂಡು ಹೋದರು. ಹಾಡು ಶಾಂತಾದೇವಿಯ ಕೊರಳಿಗೆ ಬಿತ್ತು.

ಅವರು ಪ್ರತಿ ಸಾಲನ್ನೂ ಒಂದು ಉಸಿರಿಗೆ ಮುಗಿಯುವಂತೆ ಮಾಡಿದರು. ಸ್ವರ ತಗ್ಗಿನಲ್ಲೇ ಇತ್ತು, ಒಡೆಯುತ್ತಿರುವ ಗಂಡುಹುಡುಗರ ದನಿಗೂ ನಿಲುಕುವಷ್ಟು. ತಾಳ ನಿಧಾನ. ಸಾಲಿನ ಕೊನೆಗೆಲ್ಲ ಒಂದು ಬಿಡುವು. ಆದರೆ ಕೊನೆಯಲ್ಲಿ ‘ಗೆಲುವು ನಮ್ಮದು’ ಎಂದು ಬರೆದಿದ್ದರು.

ಹಾಡಿಸಿ ನೋಡಿದರು. ಕೊನೆಯ ಸಾಲಿಗೆ ಬಂದಾಗ ಇಡೀ ಕ್ಲಾಸು ತಾಳ ಬಿಟ್ಟು ಓಡಿತು. ಹಾಡುವಾಗ ಏನು ನೆನಪಾಯಿತೆಂದು ಕೇಳಿದರು.

ಅಜ್ಜಮ್ಮ ಎಂಬ ಹುಡುಗಿ ಎದ್ದು ನಿಂತಳು. “ಫೇಲಾದರೆ ಮದುವೆ ಮಾಡ್ತೀನಿ ಅಂದಾರೆ ಮೇಡಮ್, ನಮ್ಮಪ್ಪ. ಗೆಲುವು ಅಂದಕೂಡಲೇ ಅದೇ ನೆನಪಾಯ್ತು.”

ಶಾಂತಾದೇವಿಯ ತುಟಿ ಸೊಟ್ಟಗಾಯಿತು. ಈ ಸಲ ತಮ್ಮದೇ ಸಾಲಿಗೆ. ಪಂಡಿತರು ದೇವರನ್ನು ತುರುಕಿದಂತೆ ತಾವೂ ರಿಸಲ್ಟನ್ನು ತುರುಕಿದ್ದೇವೆಂದು ಅವರಿಗೆ ಅಸಹ್ಯವಾಯಿತು. ಹಾಳೆ ಹರಿದು ಮತ್ತೆ ಬರೆದರು:

ಉಸಿರೇ, ಮೆಲ್ಲಗೆ ಬಾ,
ಉಸಿರೇ, ಮೆಲ್ಲಗೆ ಹೋಗು.
ಓದಿದ ಮಾತೇ, ಒಳಗಿಂದ
ಒಂದೊಂದಾಗಿ ನೆನಪಾಗು.
ಕಣ್ಣೇ, ಈ ಸಾಲಲ್ಲಿರು,
ಕೈಯೇ, ನನ್ನ ಜೊತೆಗಿರು.

ಮುಗಿದ ಮೇಲೆ ಯಾರೂ ಕೈಮುಗಿಯಬೇಕಿಲ್ಲ, ಸುಮ್ಮನೆ ಕೂತರೆ ಸಾಕು ಎಂದರು.

“ಇದರಲ್ಲಿ ಬೇಡಿಕೆನೇ ಇಲ್ಲ. ಇದೆಂಥ ಪ್ರಾರ್ಥನೆ?” ಎಂದರು ಪಂಡಿತರು.

“ಪ್ರಾರ್ಥನೆ ಮನೇಲಿ ಮಾಡಿಕೊಂಡು ಬರ್ಲಿ. ಇಲ್ಲಿ ಉತ್ತರ ಬರೀಬೇಕು.”

ಪರೀಕ್ಷೆಯ ದಿನ ಮಕ್ಕಳು ಹಾಡಿದರು, ಸುಮ್ಮನೆ ಕೂತರು, ಎದ್ದು ಒಳಗೆ ಹೋದರು. ಅಜ್ಜಮ್ಮ ಒಂದು ಉಸಿರು ಬಿಟ್ಟು ಬರೆಯಲು ಶುರುಮಾಡಿದಳು. ಅವಳು ಪಾಸಾದಳು. ಲೆಕ್ಕದಲ್ಲಿ ಮಾತ್ರ ಅಂಚಿನ ಮಾರ್ಕು ಬಂದಿತ್ತು.

ಮೂರು ವರ್ಷ ಹಾಡು ನಡೆಯಿತು. ಆಮೇಲೆ ಬಂದ ಹೆಡ್ಮಾಸ್ತರು ಅದು ಸಪ್ಪೆಯೆಂದು ಪಂಡಿತರ ಪ್ರಭುವನ್ನು ಕರ್ಪೂರದ ಸಮೇತ ವಾಪಸು ತಂದರು. ಅಷ್ಟೊತ್ತಿಗೆ ಶಾಂತಾದೇವಿಗೆ ನ್ಯಾಮತಿಯ ಹೆಣ್ಣುಮಕ್ಕಳ ಶಾಲೆಗೆ ವರ್ಗವಾಗಿತ್ತು. ಸುದ್ದಿ ತಂದವರಿಗೆ ಅವರು ಕಾಫಿ ಕೊಟ್ಟು, ಅಲ್ಲಿನ ಹುಡುಗಿಯರಿಗೆ ಉಸಿರಿನ ಸಾಲು ಕಲಿಸಲು ಎದ್ದು ಹೋದರು.