ಕಬ್ಬಿನ ಹಾಲಿನೊಳಗಿನ ಬರ್ಫ

ಆಳಂದದಿಂದ ಹೊರಡುವಾಗ ಗಾಡಿಯ ಹಿಂದಿನ ಸೀಟಿನಡಿ ಕುದಿಸಿ ಆರಿಸಿದ ನೀರಿನ ಎರಡು ಕ್ಯಾನು ಇಟ್ಟವಳು ನಾನೇ. ಅತ್ತೆಗೆ ಎಪ್ಪತ್ತು ದಾಟಿದೆ. ಶ್ರೀಶೈಲ ನೋಡಬೇಕೆಂಬುದು ಅವರ ಬಹುದಿನದ ಆಸೆ. ನನ್ನ ಚೀಲದಲ್ಲಿ ಅವರ ಬಿ.ಪಿ. ಗುಳಿಗೆ, ಜ್ವರದ ಗುಳಿಗೆ, ಓಆರ್‌ಎಸ್ ಪುಡಿಯ ಪೊಟ್ಟಣಗಳು, ಭೇದಿ ನಿಲ್ಲಿಸುವ ಗುಳಿಗೆ ಎಲ್ಲವೂ ಇದ್ದವು. ಅಫಜಲಪುರದಲ್ಲಿ ಭಾವನವರ ಮನೆಯವರೂ ಹತ್ತಿಕೊಂಡರು. ದಾರಿಯಲ್ಲಿ ಯಾರಾದರೂ ಹೆಚ್ಚಿಟ್ಟ ಕಲ್ಲಂಗಡಿ ಕಡೆ ನೋಡಿದರೆ ನಾನು, "ಬ್ಯಾಡ್ರಿ, ಸುಲದು ತಿನ್ನೋ ಬಾಳೆಹಣ್ಣು ತೊಗೋರಿ" ಅನ್ನುತ್ತಿದ್ದೆ.

ಘತ್ತರಗಿಯಲ್ಲಿ ಭಾಗ್ಯವಂತಿಯ ದರ್ಶನ ಮಾಡಿ ಹೊರಬಂದಾಗ ಬಿಸಿಲಿಗೆ ತಲೆ ಸುತ್ತುವಂತಿತ್ತು. ಎದುರಿಗೇ ಕಬ್ಬಿನ ಹಾಲಿನ ಗಾಡಿ. ಅತ್ತೆ ನನ್ನ ಸೆರಗು ಹಿಡಿದು, "ಒಂದು ಗ್ಲಾಸ್ ಕುಡಿಲೇನು?" ಎಂದು ಸಣ್ಣ ಹುಡುಗಿಯಂತೆ ಕೇಳಿದರು. ಆ ಮುಖ ನೋಡಿ ಬೇಡ ಅನ್ನಲು ಬಾಯಿ ಬರಲಿಲ್ಲ. ಗೋಣಿಚೀಲದಲ್ಲಿ ಸುತ್ತಿದ್ದ ಮಂಜುಗಡ್ಡೆಯನ್ನು, ನಮ್ಮ ಕಡೆಯ ಬರ್ಫನ್ನು, ಗಾಡಿಯವನು ಕುಟ್ಟಿ ಹಾಕುವುದನ್ನು ನಾನು ನೋಡಿದೆ. ಯಾವ ನೀರಿನದೋ ಎಂದೂ ಅನ್ನಿಸಿತು. ಆದರೂ ಗ್ಲಾಸನ್ನು ಅವರ ಕೈಗೆ ಕೊಟ್ಟೆ. ನಾನು ಮಾತ್ರ ನನ್ನ ಬಾಟಲಿಯ ನೀರು ಕುಡಿದೆ.

ರಾತ್ರಿ ಜೇವರ್ಗಿಯಲ್ಲಿ ನಾದಿನಿಯ ಮನೆಯಲ್ಲಿ ಉಳಿದೆವು. ತವರಿನವರು ಬಂದರೆಂದು ಅವಳ ಕಾಲು ನೆಲದ ಮೇಲಿರಲಿಲ್ಲ. ಬಿಸಿರೊಟ್ಟಿ, ಪುಂಡಿಪಲ್ಯೆ, ಮೇಲೆ ಮಜ್ಜಿಗೆ. ಅವ್ವನಿಗೆ ಮಜ್ಜಿಗೆ ಇಷ್ಟವೆಂದು ಎರಡು ಸಲ ಬಡಿಸಿದಳು.

ಮರುದಿನ ಹೊರಡುವ ಹೊತ್ತು. ಭಾವನವರು ಡೀಸೆಲ್ ಹಾಕಿಸಲು ಗಾಡಿ ಒಯ್ದಿದ್ದರು. ಅತ್ತೆ ಗೋಡೆಗೆ ಒರಗಿ ಕೂತಿದ್ದರು. ತುಟಿ ಒಣಗಿತ್ತು. ಮುಟ್ಟಿದರೆ ಮೈ ಕಾಯುತ್ತಿತ್ತು.

"ಹೊಟ್ಟಿ ಕೆಟ್ಟದ. ಬೆಳಗಿನಿಂದ ಓಡಾಡಾಕತ್ತೇನಿ," ಎಂದರು.

"ಯಾಕ ಹೇಳಲಿಲ್ರಿ ಅತ್ತಿ? ನೀರಾದ್ರೂ ಕುಡದೀರೇನು?"

"ಕುಡದ್ರ ಮತ್ತ ಹೋಗಬೇಕಾಗ್ತದ. ಗಾಡ್ಯಾಗ ಗಂಡಸರು ಇರ್ತಾರ, ಎಲ್ಲಿ ಅಂತ ನಿಲ್ಲಸಬೇಕು? ನಿನ್ನ ಚೀಲದಾಗ ನಿಲ್ಲಸೋ ಗುಳಿಗಿ ಅದಲಾ, ಒಂದು ಕೊಡು. ಹೋಗೂಣು."

ಗುಳಿಗೆ ಕೈಗೆ ತೆಗೆದುಕೊಂಡೆ. ಕೊಡುವ ಮುಂಚೆ, ರಕ್ತವೇನಾದರೂ ಹೋಯಿತೇ ಎಂದು ಕೇಳಿದೆ. ಅವರು ಮುಖ ತಿರುಗಿಸಿಕೊಂಡು, "ಒಂಚೂರು ರಕ್ತ ಕಂಡಂಗಾತು," ಎಂದರು. ಗುಳಿಗೆಯನ್ನು ಮತ್ತೆ ಚೀಲಕ್ಕೆ ಹಾಕಿದೆ. ಜ್ವರ, ರಕ್ತ ಇದ್ದಾಗ ಅದನ್ನು ಕೊಡಬಾರದೆಂದು ಔಷಧದ ಅಂಗಡಿಯವರು ಕೊಡುವಾಗಲೇ ಹೇಳಿದ್ದರು.

ನಾದಿನಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. "ನಂದೇ ತಪ್ಪು ವೈನಿ. ಮಜ್ಜಿಗಿಗೆ ನಳದ ನೀರು ಹಾಕಿದ್ದೆ. ನನ್ನ ಕೈಯಾರೆ ಅವ್ವಗ ಹಿಂಗ ಮಾಡಿಬಿಟ್ಟೆ," ಎಂದು ಅಳತೊಡಗಿದಳು.

ತಪ್ಪು ಅವಳದೇ ಆಗಿರಲಿ ಎಂದು ಒಂದು ಗಳಿಗೆ ನನಗನ್ನಿಸಿತು. ಆ ಗಳಿಗೆಯೇ ಈಗಲೂ ನನ್ನನ್ನು ಚುಚ್ಚುವುದು. ಆಮೇಲೆ ಹೇಳಿದೆ: "ಅಳಬ್ಯಾಡ. ಘತ್ತರಗ್ಯಾಗ ಬರ್ಫ ಹಾಕಿದ ಕಬ್ಬಿನ ಹಾಲು ನಾನೇ ಕೊಡಸೀನಿ. ನಿನ್ನ ಮಜ್ಜಿಗಿ ನಾವೆಲ್ಲಾರೂ ಕುಡದೀವಿ, ನಮಗೇನೂ ಆಗಿಲ್ಲ."

ಅವಳು ಕಣ್ಣೊರೆಸಿಕೊಂಡು ಲೋಟ ತಂದು, ಅದಕ್ಕೆ ಓಆರ್‌ಎಸ್‌ನ ಅರ್ಧ ಪೊಟ್ಟಣ ಪುಡಿ ಸುರಿಯಲು ಹೋದಳು. ತಡೆದೆ. ಕ್ಯಾನಿನ ನೀರು ಒಂದು ಲೀಟರ್ ಅಳೆದು ಇಡೀ ಪೊಟ್ಟಣ ಕಲಸಿ, ಸ್ವಲ್ಪ ಸ್ವಲ್ಪವೇ ಕುಡಿಸುತ್ತ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು.

ಡಾಕ್ಟರಮ್ಮ ಅತ್ತೆಯ ನಾಲಿಗೆ ನೋಡಿದರು, ಬಿ.ಪಿ. ನೋಡಿದರು. "ಬಿ.ಪಿ. ಇಳದದ. ಇವತ್ತ ಬಿ.ಪಿ. ಗುಳಿಗಿ ಕೊಡಬ್ಯಾಡ್ರಿ, ನಾ ಹೇಳಿದ ಮ್ಯಾಲ ಚಾಲೂ ಮಾಡ್ರಿ. ನಿಲ್ಲಸೋ ಗುಳಿಗಿ ಕೊಟ್ಟೀರೇನು?"

"ಇಲ್ರಿ."

"ಛಲೋ ಆತು." ಸಲಾಯಿನ್ ಹಚ್ಚಿಸಿದರು, ಮಲವನ್ನು ಪರೀಕ್ಷೆಗೆ ಕಳಿಸಿದರು, ಆ್ಯಂಟಿಬಯಾಟಿಕ್ ಬರೆದರು. ನಾದಿನಿ ತಡೆಯಲಾರದೆ ಮಜ್ಜಿಗೆಯೋ ಬರ್ಫೋ ಎಂದು ಕೇಳಿಯೇಬಿಟ್ಟಳು. "ಇದರಿಂದನ ಅಂತ ಹ್ಯಾಂಗ ಹೇಳೂದು? ಎರಡೂ ಇರಬಹುದು, ಎರಡೂ ಇರಲಿಕ್ಕಿಲ್ಲ," ಎಂದರು. ಆ ಉತ್ತರದಲ್ಲಿ ಅವಳು ತನ್ನ ಮಜ್ಜಿಗೆಯನ್ನು ಹಿಡಿದುಕೊಂಡಳು, ನಾನು ನನ್ನ ಬರ್ಫನ್ನು.

ಭಾವನವರು ಫೋನು ಮಾಡಿ, ಅವ್ವ ಹುಷಾರಾಗುವ ತನಕ ಕಾಯುತ್ತೇವೆ ಎಂದರು. ಅತ್ತೆಯೇ, "ಹೋಗ್ರಿ, ನನ್ನ ಸಲುವಾಗಿ ನಿಲ್ಲಬ್ಯಾಡ್ರಿ," ಎಂದು ಅವರನ್ನು ಶ್ರೀಶೈಲಕ್ಕೆ ಕಳಿಸಿದರು. ಫೋನು ಇಟ್ಟು ಕಿಟಕಿಯ ಕಡೆ ತಿರುಗಿದರು. ಅಳುತ್ತಿದ್ದರೋ ಏನೋ, ನೋಡುವ ಧೈರ್ಯ ನನಗಾಗಲಿಲ್ಲ.

ಎರಡು ದಿನದಲ್ಲಿ ಜ್ವರ ಇಳಿಯಿತು. ನಾದಿನಿ ಅನ್ನ ಮೆತ್ತಗೆ ಮಾಡಿ ತರುತ್ತಿದ್ದಳು. ಮೊಸರು ಕೇಳಿದರೂ ಕೊಡಲು ಹೆದರುತ್ತಿದ್ದಳು. ಡಾಕ್ಟರಮ್ಮ ಹೇಳಿದ ಮೇಲೇ ಕೊಟ್ಟಳು.

ಆಳಂದಕ್ಕೆ ವಾಪಸಾಗುವ ಬಸ್ಸಿನಲ್ಲಿ ಅತ್ತೆಯ ಕಾಲು ಹಿಡಿದೆ. "ನಂದು ತಪ್ಪಾತ್ರಿ."

"ಬೇಕಂತ ನಾನೇ ಕೇಳಿ ಕುಡದೇನಿ ಬೇ, ನೀ ಏನು ಬಾಯಾಗ ಹಾಕೀಯೇನು?" ಎಂದು ಕಾಲು ಎಳೆದುಕೊಂಡರು. ಆಮೇಲೆ ಮೆಲ್ಲಗೆ, "ಆದ್ರ ಭಾಳ ರುಚಿ ಇತ್ತು ನೋಡು," ಎಂದರು. ನಗಬೇಕೆಂದುಕೊಂಡೆ, ಆಗಲಿಲ್ಲ. ಶ್ರೀಶೈಲದಿಂದ ಭಾವನವರು ಕಳಿಸಿದ ಫೋಟೋಗಳು ನನ್ನ ಮೊಬೈಲಿಗೆ ಬಂದಿದ್ದವು. ಅತ್ತೆಗೆ ಇನ್ನೂ ತೋರಿಸಿರಲಿಲ್ಲ.