ಅಣಬೆ ಮೂಸಿದ ಬೆಳಗು

ನಮ್ಮದು ತಲೆತಲಾಂತರದಿಂದ ದೇವರ ಪೂಜೆ ಮಾಡಿಕೊಂಡು ಬಂದ ಮನೆ. ಈರುಳ್ಳಿಯೇ ನಮ್ಮ ಅಡುಗೆಮನೆಗೆ ತಡವಾಗಿ, ಹೆದರುತ್ತಾ ಹೆದರುತ್ತಾ ಬಂದದ್ದು. ಇನ್ನು ಅಣಬೆ! ಮಳೆಗಾಲದಲ್ಲಿ ಹಿತ್ತಲ ಕೊಳೆತ ಕೊರಡಿನ ಮೇಲೆ ಎದ್ದರೆ ಅದನ್ನು ಕೋಲಿನಿಂದ ತಳ್ಳಿ ಬೂದಿ ಸುರಿಯುತ್ತಿದ್ದೆವು. ಅದನ್ನು ಜನ ಬಾಯಿಗಿಡುತ್ತಾರೆ ಅಂದರೆ ನನಗೆ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಈಗಲೂ ಎನ್ನುತ್ತದೆ. ಹಾಗಿದ್ದ ನಾನು ಹಣೆಯ ನಾಮದ ಸಮೇತ ಅಣಬೆ ಹುಡುಕಿಕೊಂಡು ಊರೂರು ತಿರುಗಿದ್ದು ನನ್ನ ಸೊಸೆಗೋಸ್ಕರ.

ಸೊಸೆ ಗೆಂಡೆಹಳ್ಳಿ ಕಡೆಯ ಒಕ್ಕಲು ಮನೆಯವಳು. ಅರಸೀಕೆರೆಯಲ್ಲಿ ನನ್ನ ಮಗ ಕೆಲಸ ಮಾಡುವ ಆಫೀಸಿನಲ್ಲೇ ಅವಳಿಗೂ ಕೆಲಸ. ಇಬ್ಬರೂ ಮೆಚ್ಚಿ ಮದುವೆಯಾದರು. ಬಸುರಿಯಾದ ಮೇಲೆ ರಜೆ ಹಾಕಿ ಹಳೇಬೀಡಿನ ನಮ್ಮ ಮನೆಗೆ ಬಂದಳು. ಬಂದಾಗಿನಿಂದ ವಾಂತಿ. ಗಂಜಿ ಕೊಟ್ಟರೆ ವಾಂತಿ, ಎಳನೀರು ಕೊಟ್ಟರೆ ವಾಂತಿ, ನನ್ನ ಹೆಂಡತಿ ಪ್ರೀತಿಯಿಂದ ಮಾಡಿದ ತಿಳಿಸಾರಿನ ಹೆಸರೆತ್ತಿದರೂ ಬಚ್ಚಲಿಗೆ ಓಡುತ್ತಿದ್ದಳು. ಕೆನ್ನೆ ಗುಳಿಬಿದ್ದು, ಕಣ್ಣು ಒಳಗೆ ಹೋಗಿ, ನೋಡಲಾಗುತ್ತಿರಲಿಲ್ಲ. ಲೇಡಿ ಡಾಕ್ಟರು, 'ನಾಳೆ ಸಂಜೆಯೊಳಗೆ ಏನಾದರೂ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಕರೆದುಕೊಂಡು ಬನ್ನಿ, ಅಡ್ಮಿಟ್ ಮಾಡಿ ಡ್ರಿಪ್ ಹಾಕುತ್ತೇನೆ' ಎಂದುಬಿಟ್ಟರು.

ಆ ದಿನ ಮಧ್ಯಾಹ್ನ ಅವಳು ಗೋಡೆಗೆ ಮುಖ ಮಾಡಿ ಮಲಗಿಕೊಂಡೇ ಹೇಳಿದಳು. "ಅತ್ತೆ, ತಪ್ಪು ತಿಳ್ಕೋಬೇಡಿ. ನಮ್ಮಮ್ಮ ಅಣಬೆ ಸಾರು ಮಾಡ್ತಿದ್ಲು. ಅದೊಂದು ತಿನ್ಬೇಕು ಅನ್ಸುತ್ತೆ."

ಅವಳಮ್ಮ ತೀರಿಕೊಂಡು ವರ್ಷಗಳಾಗಿದ್ದವು. ನನ್ನ ಹೆಂಡತಿ ನನ್ನ ಮುಖ ನೋಡಿದಳು, ನಾನು ಸೂರು ನೋಡಿದೆ. ಬಸುರಿಯ ಬಯಕೆಗೆ ಇಲ್ಲ ಅನ್ನುವುದಕ್ಕೆ ನಾಲಿಗೆ ಏಳಬೇಕಲ್ಲ! ಮಗನಿಗೆ ಫೋನು ಮಾಡಿದೆವು.

ಮಗ ಅರಸೀಕೆರೆಯಲ್ಲಿ ಊಟದ ಬಿಡುವಿನಲ್ಲೇ ಹೋಗಿ ಒಂದು ಡಬ್ಬಿ ಬಿಳಿ ಅಣಬೆ ಕೊಂಡು, ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಹಾಕಿ, ಮೇಜಿನ ಕೆಳಗೆ ಇಟ್ಟುಕೊಂಡಿದ್ದ. ಸಂಜೆ ಕಿಕ್ಕಿರಿದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. ಬರುವ ಹೊತ್ತಿಗೆ ಪ್ಲಾಸ್ಟಿಕ್ಕಿನ ಒಳಗೆಲ್ಲ ಬೆವರು. ಸೊಸೆ ನಿದ್ದೆ ಹೋಗಿದ್ದಳು. ಪೇಟೆಯಿಂದ ಬಂದ ತರಕಾರಿ ಯಾವುದೇ ಇರಲಿ, ಹೊಸಿಲು ದಾಟುವ ಮೊದಲು ನೀರಿಗೆ ಬೀಳಬೇಕು. ಅದು ನಮ್ಮ ಮನೆಯ ಪದ್ಧತಿ. ನನ್ನ ಹೆಂಡತಿ ಸೆರಗಿನಿಂದ ಮೂಗು ಮುಚ್ಚಿಕೊಂಡು ಆ ಅಣಬೆಗಳನ್ನು ಅರಿಸಿನದ ನೀರಿನಲ್ಲಿ ಚೆನ್ನಾಗಿ ನೆನೆಸಿ, ಸ್ಟೀಲ್ ಡಬ್ಬಿಗೆ ಹಾಕಿ, ಮುಚ್ಚಳ ಬಿಗಿದು, ಹಿಂದಿನ ಜಗಲಿಯಲ್ಲಿಟ್ಟಳು.

ಬೆಳಗ್ಗೆ ಡಬ್ಬಿ ತೆಗೆದರೆ, ರಾಮ ರಾಮ! ಹಳದಿ ಲೋಳೆ. ಬೆರಳಿಟ್ಟರೆ ನೂಲು ಬರುತ್ತಿತ್ತು. ಬೆಳ್ಳಗೆ ಗುಂಡಗೆ ಇದ್ದವೆಲ್ಲ ಕಂದಿ, ಕುಗ್ಗಿ, ಸೀದ ರಬ್ಬರಿನಂತಾಗಿದ್ದವು. ಡಬ್ಬಿ ಸಮೇತ ತಿಪ್ಪೆಗೆ ಒಯ್ದೆ. ಆಮೇಲೆ ಡಬ್ಬಿ ತೊಳೆಯಲು ಯಾರೂ ಒಪ್ಪಲಿಲ್ಲ, ಅದೂ ತಿಪ್ಪೆಯಲ್ಲೇ ಉಳಿಯಿತು.

ಸೊಸೆಗೆ ನಗಲೂ ಶಕ್ತಿಯಿರಲಿಲ್ಲ. "ಅದನ್ನ ನೆನೆಸಬಾರದು ಮಾವ. ನೀರು ಕುಡ್ಕೊಂಡ್ಬಿಡುತ್ತೆ. ಪೇಪರಿನಲ್ಲಿ ಸುತ್ತಿ ಫ್ರಿಜ್‌ನಲ್ಲಿಡಬೇಕು, ಮಾಡೋ ಮುಂಚೆ ಒಂದ್ಸಲ ನೀರಲ್ಲಿ ಜಾಲಿಸಿದ್ರೆ ಸಾಕು. ಹೋಗ್ಲಿ ಬಿಡಿ, ಬೇಡ."

'ಬೇಡ' ಅಂದದ್ದು ಕೇಳಿ ನನಗೆ ತಡೆಯಲಾಗಲಿಲ್ಲ. ಮಗ ಅಷ್ಟೊತ್ತಿಗೆ ಮೊದಲ ಬಸ್ಸಿಗೆ ಕೆಲಸಕ್ಕೆ ಹೋಗಿಯಾಗಿತ್ತು. "ನಾನೇ ತರ್ತೀನಿ ಕಣಮ್ಮ, ಹೇಗೆ ನೋಡಿ ತರಬೇಕು ಹೇಳು" ಎಂದೆ.

ಹೇಳಿದಳು. ಬಿಳಿ ಗುಂಡಣಬೆಯಾದರೆ ಕೊಡೆಯ ಅಂಚು ಕಾಂಡಕ್ಕೆ ಅಂಟಿಕೊಂಡು ಮುಚ್ಚಿರಬೇಕು. ಮುಟ್ಟಿದರೆ ಗಟ್ಟಿ, ಒಣಗಿದಂತೆ, ಜಾರಬಾರದು, ಅಂಟಬಾರದು. ಕಪ್ಪು ಕಲೆ ಬೇಡ. ಡಬ್ಬಿಯೊಳಗೆ ನೀರು ಕಟ್ಟಿರಬಾರದು. "ಮತ್ತೆ ಮಾವ, ಮೂಸಿ ನೋಡಬೇಕು. ಮಣ್ಣಿನ ವಾಸನೆ ಇದ್ರೆ ಒಳ್ಳೇದು. ಹುಳಿ ವಾಸನೆ, ಮೀನಿನ ವಾಸನೆ ಬಂದ್ರೆ ಬಿಟ್ಟು ಬಂದ್ಬಿಡಿ."

ಮೂಸಬೇಕು! ನನ್ನ ಜನ್ಮದಲ್ಲಿ ನಾನು ಮಲ್ಲಿಗೆಯನ್ನೇ ಮೂಸಿದವನಲ್ಲ. ದೇವರಿಗೆ ಏರುವ ಹೂವು, ನೈವೇದ್ಯಕ್ಕೆ ಹೋಗುವ ಹಣ್ಣು, ತರಕಾರಿ ಯಾವುದನ್ನೂ ಮೂಗಿನ ಹತ್ತಿರ ತರಬಾರದು ಎಂದು ಚಿಕ್ಕಂದಿನಲ್ಲಿ ಬೆನ್ನಿಗೆ ಗುದ್ದಿ ಕಲಿಸಿದ್ದರು. ಮಾವಿನಹಣ್ಣನ್ನೂ ನಾವು ಕಣ್ಣಿನಲ್ಲೇ ಆರಿಸುವವರು. ಇನ್ನು ಇದನ್ನು ಮೂಸುವುದೇ? ಸೊಸೆಯ ಎದುರು ಹೂಂ ಎಂದೆ. ಪೂಜೆ ಮುಗಿಸಿ ಬೇಲೂರಿನ ಬಸ್ಸು ಹತ್ತಿದೆ.

ಬೇಲೂರಿನಲ್ಲಿ ಹೋಟೆಲುಗಳಿಗೆ ತರಕಾರಿ ಹಾಕುವ ಅಂಗಡಿಯೊಂದಿತ್ತು. ಗಾಜಿನ ಬಾಗಿಲಿನ ಫ್ರಿಜ್ಜು, ಬಣ್ಣಬಣ್ಣದ ದೊಣ್ಣೆ ಮೆಣಸಿನಕಾಯಿ, ನೇರಳೆ ಕೋಸು, ಹೂಕೋಸಿಗೆ ಹಸಿರು ಬಳಿದ ಹಾಗಿರುವ ಬ್ರೊಕೋಲಿ. ಅಂಗಡಿಯವನು ಎಲ್ಲದರ ಮೇಲೂ ಪಿಚಕಾರಿಯಲ್ಲಿ ನೀರು ಹೊಡೆಯುತ್ತಿದ್ದ. ನನ್ನ ನಾಮ ನೋಡಿ ಅವನ ಮುಖ ಅರಳಿತು. ಇವರಿಗೇನು ಗೊತ್ತು ಎಂದುಕೊಂಡಿರಬೇಕು.

"ಬನ್ನಿ ಐನೋರೆ, ಎಲ್ಲಾ ಈಗ್ತಾನೆ ಬಂದಿರೋದು, ಫ್ರೆಶ್ಶು!"

ಸೊಸೆಯ ಸಾರಿಗೆ ಜೊತೆಗೊಂದು ಹಸಿರು ತರಕಾರಿ ಇರಲಿ ಎಂದು ಬ್ರೊಕೋಲಿ ಎತ್ತಿದೆ. ಮೇಲೆ ನೀರು ಮಿನುಗುತ್ತಿತ್ತು, ಕೆಳಗೆ ಮೊಗ್ಗುಗಳು ಹಳದಿ ತಿರುಗಿ ಬಿಚ್ಚಿಕೊಂಡಿದ್ದವು. ದಂಟಿನ ಕೊಯ್ದ ಜಾಗ ಕಂದು ಬಣ್ಣಕ್ಕೆ ಬಂದು ಬೆರಳಿಗೆ ಜಾರಿತು. ಕೈ ಪಂಚೆಗೆ ಒರೆಸಿಕೊಂಡೆ. ಪಕ್ಕದಲ್ಲಿ ಜುಕಿನಿ ಎಂಬ ಸೌತೆಯ ದಾಯಾದಿ ಇತ್ತು. ಸೌತೆಕಾಯಿ ಕೊಳ್ಳುವುದು ನನಗೇನು ಹೊಸದಲ್ಲ. ಸಿಪ್ಪೆ ಹೊಳೆಯುತ್ತಿತ್ತು, ತೊಟ್ಟು ಹಸಿರಾಗಿತ್ತು, ಒತ್ತಿದರೆ ಗಟ್ಟಿ. ಮನೆಯಲ್ಲಿ ತುದಿ ಕೊಯ್ದು ನಾಲಿಗೆಗಿಟ್ಟು, ಕಹಿಯಿದ್ದರೆ ಎಸೆದರಾಯಿತು ಎಂದು ಅದನ್ನು ಎತ್ತಿಟ್ಟುಕೊಂಡೆ.

"ಅಣಬೆ ಬೇಕಿತ್ತು" ಎಂದೆ. ಎಷ್ಟು ಮೆತ್ತಗೆ ಹೇಳಿದರೂ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಅಂಗಡಿಯವನು ಹಲ್ಲು ಗಿಂಜುತ್ತಾ ಡಬ್ಬಿ ಕೊಟ್ಟ. ಮೇಲ್ಸಾಲಿನ ಅಣಬೆಗಳು ಸುಣ್ಣದಂತೆ ಬಿಳಿ. ಮೇಲೆ ಸುತ್ತಿದ ಪ್ಲಾಸ್ಟಿಕ್ ಹಾಳೆ ಹೊಸದು, ಚೀಟಿಯೂ ಹೊಸದು. ಡಬ್ಬಿಯನ್ನು ತಲೆಕೆಳಗು ಮಾಡಿದೆ. ತಳದಲ್ಲಿ ಕಂದು ನೀರು ಹರಿದಾಡಿತು.

"ಇದನ್ನ ಬಿಚ್ಚಿ ತೋರಿಸಪ್ಪ."

"ಬಿಚ್ಚಿದ್ರೆ ತಗೋಬೇಕಾಗುತ್ತೆ ಐನೋರೆ. ದೊಡ್ಡ ದೊಡ್ಡ ಹೋಟ್ಲುಗೆ ಇದೇ ಹೋಗೋದು."

"ಬಿಚ್ಚು, ಆಮೇಲೆ ಮಾತಾಡೋಣ."

ಅವನು ಗೊಣಗುತ್ತಾ ಹಾಳೆ ಹರಿದ. ಕೆಳಗಿನ ಸಾಲಿನ ಅಣಬೆಗಳ ಕೊಡೆ ಬಿಚ್ಚಿ ಒಳಗಿನ ಪದರಗಳು ಮಸಿಯಾಗಿದ್ದವು. ದೇವರನ್ನು ನೆನೆದು ಡಬ್ಬಿಯನ್ನು ಮೂಗಿಗೆ ಹಿಡಿದೆ. ಥೂ! ಮೂಲೆಯಲ್ಲಿ ಮರೆತ ಒದ್ದೆ ಒರೆಸುಬಟ್ಟೆ, ಅದರೊಳಗೆ ಹುಳಿತ ಹಿಟ್ಟು, ಅದರ ಜೊತೆಗೆ ಮೀನಂಗಡಿಯ ಚರಂಡಿ. ವಾಸನೆ ಮೂಗಿನಿಂದ ಗಂಟಲಿಗಿಳಿದು ಅಲ್ಲೇ ಕೂತಿತು. ಕಣ್ಣಲ್ಲಿ ನೀರು ಬಂತು.

ಉಗುಳಲು ಜಾಗ ಹುಡುಕಿ ಪಕ್ಕಕ್ಕೆ ತಿರುಗಿದಾಗ ಒಳಕೋಣೆಯ ಪರದೆ ಸರಿದಿತ್ತು. ಒಳಗೆ ಒಬ್ಬ ಹೆಂಗಸು ಚಕ್ಕಳಮಕ್ಕಳ ಹಾಕಿ ಕುಳಿತು, ಹಳೆಯ ಡಬ್ಬಿಗಳ ಹಾಳೆ ಕಿತ್ತು, ಲೋಳೆಯನ್ನು ಬಟ್ಟೆಯಿಂದ ಒರೆಸಿ, ಕಪ್ಪಾದವನ್ನು ಕೆಳಗೂ ಬೆಳ್ಳಗಿನವನ್ನು ಮೇಲೂ ಜೋಡಿಸಿ, ಹೊಸ ಹಾಳೆ ಸುತ್ತುತ್ತಿದ್ದಳು. ಹೋಟೆಲಿನವರು ಬೇಡವೆಂದು ವಾಪಸು ಕಳಿಸಿದ್ದಿರಬೇಕು, ಅದನ್ನು ನನ್ನಂಥವರ ಕಣ್ಣಿಗೆ ಮಣ್ಣೆರಚಿ ಸಾಗಹಾಕುವ ಏರ್ಪಾಡು.

ಮೈ ಉರಿದುಹೋಯಿತು. "ಅಯ್ಯೋ ನಿನ್ನ! ಬಸುರಿ ಹೆಂಗಸಿಗೆ ಅಂತ ತಗೊಂಡು ಹೋಗೋಕೆ ಬಂದಿದೀನಿ ಕಣಯ್ಯಾ! ಅವಳು ತಿಂದು ಹೆಚ್ಚುಕಮ್ಮಿ ಆಗಿದ್ರೆ? ನಿಮ್ಮನೇಲಿ ಇದನ್ನ ತಿಂತೀರಾ?"

"ಕೂಗಾಡ್ಬೇಡಿ ಐನೋರೆ, ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ" ಎಂದ. ನಾಚಿಕೆ ಎಂಬುದು ಅವನ ಓಣಿಯಲ್ಲೇ ಹಾದುಹೋಗಿರಲಿಲ್ಲ. ಕೊಳೆತದ್ದು ಬೇಯಿಸಿದರೆ ಒಳ್ಳೆಯದಾಗುತ್ತದೆಯೇ? ಜುಕಿನಿಯನ್ನೂ ಅವನ ತಕ್ಕಡಿಯ ಮೇಲೆ ಎಸೆದು ಹೊರಬಿದ್ದೆ. ಆ ಕೈ ಮುಟ್ಟಿದ ಯಾವುದೂ ಬೇಡ ಅನ್ನಿಸಿತು.

ಬಸ್ ನಿಲ್ದಾಣದ ಬಳಿ ಹಳ್ಳಿಯ ಅಜ್ಜಿಯೊಬ್ಬಳು ಮುತ್ತುಗದ ಎಲೆಯ ಮೇಲೆ ಕಾಡಣಬೆ ಹರಡಿಕೊಂಡು ಕುಳಿತಿದ್ದಳು. ಮಣ್ಣು ಮೆತ್ತಿದ ಉದ್ದ ಕಾಂಡ, ಬೂದು ಬಣ್ಣದ ಕೊಡೆ. "ಹುತ್ತದ್ದು ಸ್ವಾಮಿ, ಗುಡುಗಿಗೆ ಎದ್ದವೆ. ಅನುಮಾನ ಇದ್ರೆ ಸಾರು ಕುದಿಯೋವಾಗ ಬೆಳ್ಳಿ ಉಂಗ್ರ ಹಾಕಿ ನೋಡಿ, ಕರ್ರಗಾಗ್ನಿಲ್ಲ ಅಂದ್ರೆ ತಿನ್ನಬಹುದು."

ನನ್ನ ಬೆರಳಲ್ಲಿ ಬೆಳ್ಳಿ ಉಂಗುರವಿತ್ತು. ಸುಳ್ಳು ಹೇಳುವುದಿಲ್ಲ, ಆಸೆಯಾಯಿತು. ಮೂಸಿದೆ, ಒಳ್ಳೆಯ ಮಣ್ಣಿನ ವಾಸನೆ. ಆದರೂ ಮನಸ್ಸು ತಡೆಯದೆ ಸೊಸೆಗೆ ಫೋನು ಹಚ್ಚಿದೆ.

"ಬೇಡ ಮಾವ!" ದನಿ ಕ್ಷೀಣವಾಗಿದ್ದರೂ ಖಡಕ್ಕಾಗಿತ್ತು. "ಬೆಳ್ಳಿಗೆ ಆ ವಿಷ ಗೊತ್ತಾಗಲ್ಲ. ಬೇಯಿಸಿದ್ರೂ ಕೆಲವು ವಿಷ ಹೋಗಲ್ಲ. ನಮ್ಮಮ್ಮ ಕಿತ್ತಿದ್ದಾಗಿದ್ರೆ ಕಣ್ಮುಚ್ಕೊಂಡು ತಿಂತಿದ್ದೆ. ಯಾರೋ ಕಿತ್ತಿದ್ದು ಬೇಡ."

ಅಜ್ಜಿ ಎಲ್ಲ ಕೇಳಿಸಿಕೊಂಡಳು. ಬೇಜಾರು ಮಾಡಿಕೊಳ್ಳಲಿಲ್ಲ. "ಬಸ್ರಿನಾ? ಹಂಗಿದ್ರೆ ಬ್ಯಾಡ ಬುಡಿ. ಹಗರೆ ತಾವ ಶೆಡ್ಡಲ್ಲಿ ಬೆಳೀತಾರೆ, ಅಲ್ಲೋಗಿ" ಎಂದಳು.

ಹಗರೆಯ ಶೆಡ್ಡು ಇನ್ನೊಂದು ನರಕ. ಕತ್ತಲು, ತೇವ, ಬೆಂದ ಹುಲ್ಲಿನ ವಾಸನೆ. ಸೂರಿನಿಂದ ಇಳಿಬಿಟ್ಟ ಉದ್ದುದ್ದ ಪ್ಲಾಸ್ಟಿಕ್ ಚೀಲಗಳು, ಒಳಗೆ ಬಿಳಿ ಬೂಸ್ಟು ಹಿಡಿದ ಭತ್ತದ ಹುಲ್ಲು, ಚೀಲದ ತೂತುಗಳಿಂದ ಯಾರದೋ ಕಿವಿಗಳಂತೆ ಗೊಂಚಲು ಗೊಂಚಲು ಹೊರಬಂದ ಅಣಬೆ. ಇವನ್ನು ಚಿಪ್ಪಣಬೆ ಎನ್ನುತ್ತಾರಂತೆ. ಪಂಚೆ ಎತ್ತಿ ಹಿಡಿದು, ಯಾವುದೂ ಮೈಗೆ ತಾಗದಂತೆ ನಿಂತೆ. ಬೆಳೆಯುವಾತ ಕುಯ್ದಿಟ್ಟಿದ್ದ ಬುಟ್ಟಿ ತೋರಿಸಿದ. "ಬೇಡಪ್ಪ, ನನ್ನ ಕಣ್ಣೆದುರಿಗೇ ಕೊಯ್ದುಕೊಡು" ಎಂದೆ. ಅಂಚು ಹಳದಿಯಾಗಿದ್ದ ಗೊಂಚಲು ಬೇಡವೆಂದೆ, ಒದ್ದೆಯಾಗಿ ಜೋತಿದ್ದದ್ದೂ ಬೇಡವೆಂದೆ. ಕೊನೆಗೆ ಅಂಚು ಒಳಕ್ಕೆ ಬಾಗಿದ, ಮುಟ್ಟಿದರೆ ಚರ್ಮದಂತೆ ಒಣಗಿದ, ಅಡಿಯ ಗೆರೆಗಳು ಬೆಳ್ಳಗಿದ್ದ ಒಂದು ಗೊಂಚಲು ಸಿಕ್ಕಿತು. ಅದನ್ನೂ ಮೂಸಿದೆ. ಹಸಿ ಹುಲ್ಲು, ಮಣ್ಣು, ಅಷ್ಟೆ. ನ್ಯೂಸ್‌ಪೇಪರಿನಲ್ಲಿ ಸಡಿಲವಾಗಿ ಸುತ್ತಿಸಿಕೊಂಡು ಬಸ್ಸಿನಲ್ಲಿ ಕಿಟಕಿಯ ಗಾಳಿಗೆ ಹಿಡಿದು ತಂದೆ. ದಾರಿಯುದ್ದಕ್ಕೂ ಆ ಪೊಟ್ಟಣದ ಕಡೆ ನೋಡಲಿಲ್ಲ.

ಹಿಂದಿನ ಜಗಲಿಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ಸೊಸೆ ಮಂಚದಿಂದಲೇ ಹೇಳಿದಂತೆ ನನ್ನ ಹೆಂಡತಿ ಅದನ್ನು ಜಾಲಿಸಿ, ಬೆರಳಲ್ಲಿ ಸೀಳಿ, ಬಿಟ್ಟ ನೀರೆಲ್ಲ ಇಂಗಿ ಮೆತ್ತಗಾಗುವ ತನಕ ಬೇಯಿಸಿ, ಮೆಣಸು ಜೀರಿಗೆ ಕುಟ್ಟಿ ಹಾಕಿ ಸಾರು ಕುದಿಸಿದಳು. ಕುದಿಯುವಾಗ ಎದ್ದ ವಾಸನೆಗೆ ಅವಳೂ ನಾನೂ ಒಬ್ಬರ ಮುಖ ಒಬ್ಬರು ನೋಡದೆ ನಿಂತಿದ್ದೆವು.

ಡಾಕ್ಟರು ಹೇಳಿದ ಸಂಜೆ ಹತ್ತಿರವಾಗುತ್ತಿತ್ತು. ಆಸ್ಪತ್ರೆಗೆಂದು ಬಟ್ಟೆಯ ಚೀಲ ಕಟ್ಟಿಟ್ಟಾಗಿತ್ತು. ಸೊಸೆ ಅನ್ನಕ್ಕೆ ಸಾರು ಕಲೆಸಿ ಒಂದು ತುತ್ತು ಇಟ್ಟುಕೊಂಡಳು. ಅಣಬೆಯ ಚೂರು ಅವಳ ಹಲ್ಲಿಗೆ ಸಿಕ್ಕಿ ಕಿರುಗುಟ್ಟಿದ್ದು ನನಗೆ ಕೇಳಿಸಿತು. ಇನ್ನೊಂದು ತುತ್ತು. ನನ್ನ ಹೆಂಡತಿ ಕೈಯಲ್ಲಿ ತಂಬಿಗೆ, ಟವೆಲು ಹಿಡಿದು ಬಚ್ಚಲ ಬಾಗಿಲಲ್ಲಿ ಕಾದಳು. ಸೊಸೆ ಕಣ್ಣು ಮುಚ್ಚಿದಳು. ನಾನು ಆಸ್ಪತ್ರೆಯ ಚೀಲ ಎತ್ತಿಕೊಂಡೆ. ಅವಳು ಕಣ್ಣು ತೆರೆದು, ತಟ್ಟೆ ಬಳಿದು, ಬೆರಳು ಚೀಪಿ, "ಇನ್ನೂ ಐತಾ ಅತ್ತೆ?" ಎಂದಳು. ನಮ್ಮ ಮನೆಗೆ ಬಂದ ಮೇಲೆ ನಾಜೂಕಾಗಿ 'ಇದೆಯಾ' ಎನ್ನುತ್ತಿದ್ದವಳ ಬಾಯಲ್ಲಿ ಅವಳ ತಾಯಿಮನೆಯ ಮಾತು ಬಂದುಬಿಟ್ಟಿತ್ತು.

ಇದ್ದದ್ದನ್ನೆಲ್ಲ ನಾನೇ ಬಡಿಸಿದೆ. ಪಾತ್ರೆಯ ತಳದಲ್ಲಿದ್ದ ಆ ಜಾರುವ ಚೂರುಗಳನ್ನು ಸೌಟಿನಿಂದ ಗೋರಿ ಹಾಕಿ, ಹಿತ್ತಲಿಗೆ ಓಡಿ, ತೆಂಗಿನ ಬುಡ ಹಿಡಿದುಕೊಂಡು ಬೆಳಗ್ಗಿನಿಂದ ತಡೆದದ್ದನ್ನೆಲ್ಲ ಕಾರಿಕೊಂಡೆ. ಆ ಸಂಜೆ ನಮ್ಮ ಮನೆಯಲ್ಲಿ ವಾಂತಿ ಮಾಡಿದವನು ನಾನೊಬ್ಬನೇ.